ನಿವೃತ್ತರಾಗುವ ಟೀಚರಿಗೆ ಐದು ನಿಮಿಷದ ವಿಡಿಯೋ: ಸ್ಕ್ರಿಪ್ಟ್ ಬರೆಯುವುದು ಹೇಗೆ?

ಪ್ರತಿ ವರ್ಷ ಬೇಸಿಗೆ ಹತ್ತಿರ ಬಂದಾಗ ಹಾಸನ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯಿಂದ ನನಗೆ ಒಂದೇ ಥರದ ಕರೆ ಬರುತ್ತದೆ. "ನಮ್ಮ ಟೀಚರ್ ರಿಟೈರ್ ಆಗ್ತಿದ್ದಾರೆ. ಹಳೆ ವಿದ್ಯಾರ್ಥಿಗಳು ಸೇರಿ ವಿಡಿಯೋ ಮಾಡ್ತಿದ್ದೀವಿ. ಇನ್ನೂರು ಫೋಟೋ ಸಿಕ್ಕಿದೆ. ಹೇಗೆ ಜೋಡಿಸೋದು?"

ಜೋಡಿಸುವ ಕೆಲಸ ಆಮೇಲಿನದು. ಮೊದಲು ಸ್ಕ್ರಿಪ್ಟ್ ಬೇಕು. ಸ್ಕ್ರಿಪ್ಟ್ ಅಂದರೆ ಯಾವ ಫೋಟೋ ಎಷ್ಟು ಸೆಕೆಂಡು ನಿಲ್ಲಬೇಕು, ಅದರ ಮೇಲೆ ಯಾವ ಮಾತು ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಮೊದಲೇ ಬರೆದಿಟ್ಟ ಹಾಳೆ. ಅದಿಲ್ಲದೆ ಶುರು ಮಾಡಿದವರ ವಿಡಿಯೋ ಹದಿನೆಂಟು ನಿಮಿಷ ಆಗುತ್ತದೆ. ಏಳನೇ ನಿಮಿಷಕ್ಕೆ ಹಿಂದಿನ ಸಾಲಿನವರು ಊಟದ ಕಡೆ ನೋಡುತ್ತಿರುತ್ತಾರೆ. ವೇದಿಕೆಯ ಮೇಲಿರುವ ಟೀಚರಿಗೆ ಅದು ಕಾಣುತ್ತದೆ. ಅವರಿಗೆ ಹಾಗೆ ಆಗಬಾರದು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಮೂಡಿಗೆರೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರಿಗೆ ನಾವು ಮಾಡಿದ ವಿಡಿಯೋವನ್ನೇ ತೆಗೆದುಕೊಳ್ಳುತ್ತೇನೆ. ಅವರು 1988ರಲ್ಲಿ ಕೆಲಸಕ್ಕೆ ಸೇರಿ, 2025ರ ಮೇ ಕೊನೆಗೆ ನಿವೃತ್ತರಾದರು. ವಿಡಿಯೋದ ಉದ್ದ ಸರಿಯಾಗಿ ಐದು ನಿಮಿಷ.

ಹಂತ 1: ದಿನ ನೋಡಿಕೊಳ್ಳಿ

ನಮ್ಮ ರಾಜ್ಯದಲ್ಲಿ ಸರ್ಕಾರಿ ಶಿಕ್ಷಕರು 60 ವರ್ಷ ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಅಂದರೆ ದಿನ ಮೊದಲೇ ಗೊತ್ತಿರುತ್ತದೆ. ಆದರೂ ಬಹಳ ಜನ ಕೊನೆಯ ವಾರದಲ್ಲಿ ಓಡಾಡುತ್ತಾರೆ.

ಮೇ ತಿಂಗಳ ನಿವೃತ್ತಿಯಲ್ಲಿ ಒಂದು ತೊಡಕಿದೆ. ಏಪ್ರಿಲ್ 10ರ ಫಲಿತಾಂಶದ ದಿನ ಕಳೆದರೆ ಬೇಸಿಗೆ ರಜೆ. ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತಾರೆ, ಶಾಲೆಗೆ ಬೀಗ ಬಿದ್ದಿರುತ್ತದೆ. ಟೀಚರ್ ಪಾಠ ಮಾಡುವ ದೃಶ್ಯ, ಮಕ್ಕಳ ಗಲಾಟೆ, ಪ್ರಾರ್ಥನೆ, ಬಿಸಿಯೂಟದ ಸಾಲು ಇವು ಯಾವುವೂ ಆಮೇಲೆ ಸಿಗುವುದಿಲ್ಲ. ಹಾಗಾಗಿ ಶಾಲೆಯ ಒಳಗಿನ ದೃಶ್ಯಗಳನ್ನು ಮಾರ್ಚ್‌ನಲ್ಲೇ ತೆಗೆದುಕೊಳ್ಳಿ. ಮುಖ್ಯ ಶಿಕ್ಷಕರಿಗೆ ಹೇಳಿ, ಒಪ್ಪಿಗೆ ಪಡೆದು, ಒಂದು ಬೆಳಗ್ಗೆ ಹೋಗಿ ಬಂದರೆ ಸಾಕು.

ಉಳಿದ ಕೆಲಸಕ್ಕೆ ಮೂರು ವಾರ ಇಟ್ಟುಕೊಳ್ಳಿ. ಒಂದು ವಾರ ಫೋಟೋ ಮತ್ತು ಕ್ಲಿಪ್ ತರಿಸಲು, ಒಂದು ವಾರ ಸ್ಕ್ರಿಪ್ಟ್ ಬರೆದು ದನಿ ರೆಕಾರ್ಡ್ ಮಾಡಲು, ಒಂದು ವಾರ ಜೋಡಿಸಿ ನೋಡಲು. ಕ್ಲಿಪ್ ಅಂದರೆ ಚಿಕ್ಕ ವಿಡಿಯೋ ತುಣುಕು.

ಹಂತ 2: ಒಂದೇ ಒಂದು ವಿಷಯ ಹಿಡಿಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇಲ್ಲಿ ಆತುರ ಬೇಡ.

ಸಾಮಾನ್ಯವಾಗಿ ಸ್ಕ್ರಿಪ್ಟ್ ಶುರುವಾಗುವುದು ಹೀಗೆ: "ಇಂತಹ ಊರಿನಲ್ಲಿ, ಇಂತಹ ದಂಪತಿಯ ಮಗಳಾಗಿ ಜನಿಸಿ, ಇಂತಿಂಥ ಕಡೆ ವಿದ್ಯಾಭ್ಯಾಸ ಮಾಡಿ, ಇಷ್ಟು ವರ್ಷ ಸೇವೆ ಸಲ್ಲಿಸಿ..." ಇದು ಅಭಿನಂದನಾ ಪತ್ರದ ಮಾತು. ಅದನ್ನು ಆ ದಿನ ಯಾರಾದರೂ ಓದೇ ಓದುತ್ತಾರೆ. ವಿಡಿಯೋದಲ್ಲೂ ಅದನ್ನೇ ಹೇಳಿದರೆ ಹೆಸರು ಬದಲಾಯಿಸಿ ಬೇರೆ ಯಾವ ಟೀಚರಿಗೆ ಬೇಕಾದರೂ ಹಾಕಬಹುದು, ಅಲ್ವಾ?

ಅದರ ಬದಲು ಆ ಟೀಚರಿಗೆ ಮಾತ್ರ ಸೇರಿದ ಒಂದು ಅಭ್ಯಾಸ ಹುಡುಕಿ. ಬೇರೆ ಬೇರೆ ವರ್ಷ ಓದಿದ ಐದಾರು ಜನಕ್ಕೆ ಫೋನ್ ಮಾಡಿ. "ಟೀಚರ್ ಹೇಗಿದ್ದರು?" ಎಂದು ಕೇಳಬೇಡಿ. "ತುಂಬಾ ಒಳ್ಳೆಯವರು" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. "ಟೀಚರ್ ತರಗತಿಗೆ ಬಂದ ತಕ್ಷಣ ಮೊದಲು ಏನು ಮಾಡುತ್ತಿದ್ದರು?" "ಮಳೆ ಬಂದರೆ ಏನು ಮಾಡುತ್ತಿದ್ದರು?" "ಕೋಪ ಬಂದರೆ ಏನನ್ನುತ್ತಿದ್ದರು?" ಹೀಗೆ ಕೇಳಿ. ಮೂರು ಜನ ಬೇರೆ ಬೇರೆಯಾಗಿ ಒಂದೇ ವಿಷಯ ಹೇಳಿದರೆ ನಿಮ್ಮ ವಿಡಿಯೋ ಸಿಕ್ಕಿತು ಅಂತ ತಿಳಿಯಿರಿ.

ನಮಗೆ ಸಿಕ್ಕಿದ್ದು ಒಂದು ಹಗ್ಗ. ಆ ಶಾಲೆಗೆ ಮಕ್ಕಳು ಕಾಫಿ ತೋಟದ ದಾರಿಯಲ್ಲಿ ನಡೆದು ಬರುತ್ತಾರೆ. ಜೂನ್‌ನಿಂದ ಆಗಸ್ಟ್ ತನಕ ಕೊಡೆ ಇದ್ದರೂ ನೆನೆಯದೆ ಬರಲು ಆಗುವುದಿಲ್ಲ. ಟೀಚರ್ ತರಗತಿಯ ಹಿಂದಿನ ಗೋಡೆಗೆ ಈ ಕಿಟಕಿಯಿಂದ ಆ ಕಿಟಕಿಗೆ ಒಂದು ಹಗ್ಗ ಕಟ್ಟಿದ್ದರು. ಬಂದ ಮಕ್ಕಳು ಮೊದಲು ಸ್ವೆಟರ್ ಹಿಂಡಿ ಹಗ್ಗಕ್ಕೆ ಹರವಬೇಕು, ಆಮೇಲೇ ಹಾಜರಿ. 1991ರಲ್ಲಿ ಓದಿದವರೂ ಹಗ್ಗದ ಮಾತೇ ಹೇಳಿದರು, 2019ರಲ್ಲಿ ಓದಿದವರೂ ಅದನ್ನೇ ಹೇಳಿದರು. ಹಗ್ಗ ಈಗಲೂ ಅಲ್ಲೇ ಇತ್ತು. ಬಟ್ಟೆ ಎಳೆದು ಎಳೆದು ಮಧ್ಯದಲ್ಲಿ ಜೋತು ಬಿದ್ದು, ಕಿಟಕಿಯ ಸರಳಿಗೆ ಕಟ್ಟಿದ ಗಂಟು ಕಪ್ಪಗಾಗಿತ್ತು. ಅದನ್ನು ನೋಡಿದ ಮೇಲೆ ನಮಗೆ ಬೇರೆ ಏನೂ ಹುಡುಕಬೇಕು ಅನಿಸಲಿಲ್ಲ.

ಹಂತ 3: ಫೋಟೋ ತರಿಸಿ, ಆಮೇಲೆ ತೆಗೆದುಹಾಕಿ

ಹಳೆಯ ಫೋಟೋಗಳು ಆಲ್ಬಮ್‌ನಲ್ಲಿರುತ್ತವೆ. ಮೇಲಿನ ಪ್ಲಾಸ್ಟಿಕ್ ಹಾಳೆಯ ಸಮೇತ ಮೊಬೈಲ್‌ನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಬಿಳಿ ಗೆರೆ ಮುಖದ ಮೇಲೇ ಬೀಳುತ್ತದೆ. ಫೋಟೋ ಹೊರಗೆ ತೆಗೆಯಿರಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಹರಿಯುತ್ತದೆ. ಪ್ಲಾಸ್ಟಿಕ್ ಮಾತ್ರ ಎತ್ತಿ. ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ ಮೇಜಿನ ಮೇಲಿಟ್ಟು, ಫ್ಲಾಶ್ ಆರಿಸಿ, ನೇರ ಮೇಲಿನಿಂದ ತೆಗೆಯಿರಿ.

ವಾಟ್ಸಾಪ್‌ನಲ್ಲಿ ಫೋಟೋ ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಮೊಬೈಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ದೊಡ್ಡ ಪರದೆಯ ಮೇಲೆ ಮುಖಗಳು ಕಲಸಿದಂತೆ ಕಾಣುತ್ತವೆ. "ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಗುಂಪಿನಲ್ಲಿ ಮೊದಲೇ ಹೇಳಿ. ಕ್ಲಿಪ್‌ಗಳಿಗೂ ಇದೇ ಮಾತು.

ಇನ್ನು ಲೆಕ್ಕ. ಒಂದು ಫೋಟೋದಲ್ಲಿ ಒಬ್ಬರೋ ಇಬ್ಬರೋ ಇದ್ದರೆ 5 ಸೆಕೆಂಡು ಬೇಕು. ಗ್ರೂಪ್ ಫೋಟೋಗೆ 8ರಿಂದ 10 ಸೆಕೆಂಡು ಬೇಕು, ಯಾಕೆಂದರೆ ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ತಮ್ಮನ್ನು ಹುಡುಕುತ್ತಾರೆ. "ಅದು ನಾನು, ಅದು ನಾನು" ಅನ್ನುವಷ್ಟರಲ್ಲಿ ಫೋಟೋ ಮಾಯವಾದರೆ ಬೇಜಾರಾಗುತ್ತದೆ. ಕ್ಲಿಪ್‌ಗಳಿಗೂ ಜಾಗ ಬಿಟ್ಟರೆ, ಈ ಲೆಕ್ಕದಲ್ಲಿ ಐದು ನಿಮಿಷಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಫೋಟೋ ಹಿಡಿಯುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. ಉಳಿದ ನೂರ ಎಪ್ಪತ್ತೈದು ಫೋಟೋ ಏನು ಮಾಡೋದು? ಪ್ರಿಂಟ್ ಹಾಕಿಸಿ ಊಟದ ಹಾಲ್‌ನಲ್ಲಿ ದಾರಕ್ಕೆ ಸಿಕ್ಕಿಸಿ ನೇತುಹಾಕಿ. ಅಲ್ಲಿ ಎಲ್ಲರೂ ನಿಧಾನವಾಗಿ ನಿಂತು ನೋಡುತ್ತಾರೆ.

ಆಯ್ಕೆ ಮಾಡುವಾಗ ಸನ್ಮಾನದ ಫೋಟೋಗಳನ್ನು ಮೊದಲು ಪಕ್ಕಕ್ಕಿಡಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಫೋಟೋದಲ್ಲೂ ಒಂದೇ ಥರ ಇರುತ್ತದೆ. ಟೀಚರ್ ಕ್ಯಾಮೆರಾ ನೋಡದೆ ಏನೋ ಕೆಲಸ ಮಾಡುತ್ತಿರುವ ಫೋಟೋ ಸಿಕ್ಕರೆ ಮಸುಕಾಗಿದ್ದರೂ ಇಟ್ಟುಕೊಳ್ಳಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಪ್ರವಾಸದ ಫೋಟೋ ನಮ್ಮ ಕಡೆ ಎಲ್ಲರ ಹತ್ತಿರವೂ ಇರುತ್ತದೆ. ಒಂದು ಸಾಕು. ಅದರಲ್ಲೂ ದೇವಸ್ಥಾನದ ಮುಂದೆ ಸಾಲಾಗಿ ನಿಂತದ್ದಕ್ಕಿಂತ, ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದ ಫೋಟೋ ಒಳ್ಳೆಯದು.

ಒಂದು ಎಚ್ಚರಿಕೆ. ಫೋಟೋದಲ್ಲಿರುವ ಕೆಲವರು ಈಗ ಇಲ್ಲದಿರಬಹುದು. ಟೀಚರ ಯಜಮಾನರು, ಜೊತೆಗೆ ಕೆಲಸ ಮಾಡಿದ ಮೇಷ್ಟ್ರು, ಚಿಕ್ಕ ವಯಸ್ಸಿನಲ್ಲೇ ಹೋದ ವಿದ್ಯಾರ್ಥಿ ಯಾರೇ ಆಗಿರಬಹುದು. ನೂರಾರು ಜನರ ಮುಂದೆ ಆ ಮುಖ ದಿಢೀರನೆ ಬಂದರೆ ಟೀಚರಿಗೆ ತಡೆದುಕೊಳ್ಳುವುದು ಕಷ್ಟ. ಮನೆಯವರಲ್ಲಿ ಒಬ್ಬರಿಗೆ ಎಲ್ಲ ಫೋಟೋ ಮೊದಲೇ ತೋರಿಸಿ, ಅವರು ಬೇಡ ಅಂದದ್ದನ್ನು ಬಿಟ್ಟುಬಿಡಿ.

ಹಂತ 4: ಕ್ಲಿಪ್ ಕೇಳುವ ರೀತಿ

"ಟೀಚರ್ ಬಗ್ಗೆ ನಾಲ್ಕು ಮಾತು ಹೇಳಿ ಕಳಿಸಿ" ಎಂದರೆ ಪ್ರತಿಯೊಬ್ಬರಿಂದಲೂ ಮೂರು ನಿಮಿಷದ ಭಾಷಣ ಬರುತ್ತದೆ. ಎಲ್ಲದರಲ್ಲೂ ಅದೇ ಮಾತು. ನಾವು ಗುಂಪಿನಲ್ಲಿ ಹಾಕಿದ ಸಂದೇಶ ಹೀಗಿತ್ತು. ಬೇಕಾದರೆ ಹಾಗೇ ಬಳಸಿಕೊಳ್ಳಿ.

"ಮೊಬೈಲ್ ಅಡ್ಡಲಾಗಿ ಹಿಡಿಯಿರಿ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನ ಹಿಂದೆ ಬೇಡ. ಫ್ಯಾನ್, ಟಿವಿ ಆರಿಸಿ. ಹೆಸರು, ಕೆಲಸ, ನಮಸ್ಕಾರ ಏನೂ ಹೇಳಬೇಡಿ, ಹೆಸರನ್ನು ನಾವು ಕೆಳಗೆ ಬರೆಯುತ್ತೇವೆ. ಟೀಚರ ಜೊತೆ ನಡೆದ ಒಂದೇ ಒಂದು ದಿನದ ಸಂಗತಿ ಹೇಳಿ. ಅವರು ಎದುರಿಗೆ ಕೂತಿದ್ದಾರೆ ಅಂದುಕೊಂಡು ಅವರಿಗೇ ಹೇಳಿ. ಅರ್ಧ ನಿಮಿಷ ಸಾಕು."

ಅರ್ಧ ನಿಮಿಷ ಕೇಳಿದರೆ ಒಂದು ನಿಮಿಷ ಬರುತ್ತದೆ. ಅದರಲ್ಲಿ ನೀವು ಬಳಸುವುದು 12 ಸೆಕೆಂಡು. ಹೆಚ್ಚಿನವರಿಗೆ ಮೊದಲ ಎರಡು ವಾಕ್ಯ ಬಿಗಿಯಾಗಿರುತ್ತದೆ, ಮೂರನೇ ವಾಕ್ಯಕ್ಕೆ ಮಾತು ಸಡಿಲವಾಗುತ್ತದೆ. ಅಲ್ಲಿಂದ ಕತ್ತರಿಸಿ ತೆಗೆದುಕೊಳ್ಳಿ. ಹೇಳಿ ಮುಗಿಸಿದ ಮೇಲೆ ನಕ್ಕಿದ್ದರೆ ಅಥವಾ ಗಂಟಲು ಕಟ್ಟಿದ್ದರೆ ಆ ಒಂದೆರಡು ಸೆಕೆಂಡು ಉಳಿಸಿಕೊಳ್ಳಿ. ಅದನ್ನು ಕತ್ತರಿಸುವುದು ದೊಡ್ಡ ತಪ್ಪು.

ಇಪ್ಪತ್ತು ಜನ ಕಳಿಸಿ, ಐದೇ ಜನ ಕಂಡರೆ ಉಳಿದವರಿಗೆ ನೋವಾಗುತ್ತದೆ. ಅದಕ್ಕೆ ಮೊದಲೇ ಹೇಳಿ: "ಐದು ನಿಮಿಷದ ವಿಡಿಯೋದಲ್ಲಿ ಕೆಲವು ಮಾತ್ರ ಬರುತ್ತವೆ. ಎಲ್ಲರ ಪೂರ್ತಿ ಕ್ಲಿಪ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಟೀಚರಿಗೆ ಕೊಡುತ್ತೇವೆ." ಹೇಳಿದ ಹಾಗೆ ಕೊಡಿ. ಟೀಚರ್ ಆಮೇಲೆ ಮನೆಯಲ್ಲಿ ಕೂತು ನೋಡುವುದು ಅದನ್ನೇ.

ಹಂತ 5: ಹಾಳೆಯಲ್ಲಿ ಎರಡು ಕಾಲಂ

ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಕಣ್ಣಿಗೆ ಕಾಣುವುದು, ಬಲಕ್ಕೆ ಕಿವಿಗೆ ಕೇಳುವುದು. ಎಡಗಡೆ ಅಂಚಿನಲ್ಲಿ ಸೆಕೆಂಡು.

ಕನ್ನಡದ ಪದ ಉದ್ದ. ಭಾವ ಕೊಟ್ಟು ನಿಧಾನವಾಗಿ ಓದಿದರೆ ಒಂದು ನಿಮಿಷಕ್ಕೆ ಸುಮಾರು 90 ಪದ ಆಗುತ್ತದೆ. ನಿಮ್ಮ ವೇಗ ಸ್ವಲ್ಪ ಆಚೀಚೆ ಇರಬಹುದು, ಮೊಬೈಲ್‌ನ ಸ್ಟಾಪ್‌ವಾಚ್ ಇಟ್ಟು ಒಮ್ಮೆ ಓದಿ ನೋಡಿ. ಐದು ನಿಮಿಷಕ್ಕೆ 450 ಪದ ಬರೆಯಬಹುದು ಅಂತ ಲೆಕ್ಕ ಹಾಕಬೇಡಿ. ಕ್ಲಿಪ್‌ಗಳಲ್ಲಿ ಬೇರೆಯವರು ಮಾತಾಡುತ್ತಾರೆ, ಕೆಲವು ಕಡೆ ಬರೀ ಸಂಗೀತ ಇರಬೇಕು, ಕೆಲವು ಕಡೆ ಅದೂ ಬೇಡ. ಹಿನ್ನೆಲೆ ದನಿಗೆ, ಅಂದರೆ ಮುಖ ಕಾಣದೆ ಕೇಳುವ ಮಾತಿಗೆ, 100 ಪದ ಧಾರಾಳವಾಯಿತು.

ಬರೆಯುವಾಗ ಒಂದೇ ನಿಯಮ ಮನಸ್ಸಿನಲ್ಲಿಡಿ. ಫೋಟೋದಲ್ಲಿ ಕಾಣುವುದನ್ನು ಮಾತಿನಲ್ಲಿ ಹೇಳಬೇಡಿ. ಟೀಚರ್ ಬೋರ್ಡಿನ ಮುಂದೆ ನಿಂತಿರುವ ಫೋಟೋಗೆ "ಟೀಚರ್ ಪಾಠ ಮಾಡುತ್ತಿದ್ದಾರೆ" ಅನ್ನುವುದು ದಂಡ. ಆ ಫೋಟೋ ತೆಗೆದ ದಿನ ಹೊರಗೆ ಏನಾಗುತ್ತಿತ್ತು, ಟೀಚರ್ ಆಗ ಎಲ್ಲಿ ಬಾಡಿಗೆಗಿದ್ದರು, ಶಾಲೆಗೆ ಹೇಗೆ ಬರುತ್ತಿದ್ದರು, ಇವನ್ನು ಹೇಳಿ. ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು. ಎರಡೂ ಸೇರಿದಾಗ ನೋಡುವವರ ಮನಸ್ಸಿನಲ್ಲಿ ಮೂರನೆಯದು ಹುಟ್ಟುತ್ತದೆ.

ಹಂತ 6: ನಮ್ಮ ಸ್ಕ್ರಿಪ್ಟ್, ಸೆಕೆಂಡಿನ ಲೆಕ್ಕದಲ್ಲಿ

ಒಟ್ಟು 300 ಸೆಕೆಂಡನ್ನು ಆರು ಭಾಗ ಮಾಡಿಕೊಂಡೆವು.

ಮೊದಲ ಭಾಗ, 25 ಸೆಕೆಂಡು. ಕಪ್ಪು ಪರದೆ. ಶಾಲೆಯ ಗಂಟೆಯ ಸದ್ದು. ಆ ಶಾಲೆಯ ಗಂಟೆ ಅಂದರೆ ಜಗಲಿಯಲ್ಲಿ ನೇತುಹಾಕಿದ ಒಂದು ಕಬ್ಬಿಣದ ಕಂಬಿ. ಮೂರನೇ ಪೆಟ್ಟಿಗೆ ಪರದೆಯ ಮೇಲೆ ಕಂಬಿ ಕಾಣುತ್ತದೆ, ಆಮೇಲೆ ಖಾಲಿ ತರಗತಿ, ಆಮೇಲೆ ಹಗ್ಗ. ಮಾತಿಲ್ಲ, ಸಂಗೀತ ಇಲ್ಲ. ಕೊನೆಗೆ "ನಮ್ಮ ಟೀಚರ್" ಎಂಬ ಎರಡು ಪದ. ಆ ಕಂಬಿಯ ಸದ್ದು ಕೇಳಿದ ಕೂಡಲೇ ಹಾಲ್‌ನ ಗಲಾಟೆ ನಿಂತಿತು. ದನಿಯಲ್ಲಿ ಸ್ವಾಗತ ಹೇಳಿದ್ದರೆ ಯಾರೂ ಸುಮ್ಮನಾಗುತ್ತಿರಲಿಲ್ಲ.

ಎರಡನೇ ಭಾಗ, 45 ಸೆಕೆಂಡು. ಟೀಚರ್ ಸೇರಿದ ಕಾಲ. ಆರು ಫೋಟೋ ತಲಾ 5 ಸೆಕೆಂಡು, ಮೊದಲ ತಂಡದ ಗ್ರೂಪ್ ಫೋಟೋ 10 ಸೆಕೆಂಡು, ಕೊನೆಗೆ 5 ಸೆಕೆಂಡು ಶಾಲೆಗೆ ಹೋಗುವ ದಾರಿ. ಮಾತು ಇಷ್ಟೇ:

"1988ರ ಜೂನ್. ಮಳೆ ಹಿಡಿದಿತ್ತು. ಮೂಡಿಗೆರೆಯಿಂದ ಬಂದ ಬಸ್ಸು ತಿರುವಿನಲ್ಲಿ ನಿಂತಿತು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಟ್ರಂಕು. ಅಲ್ಲಿಂದ ಶಾಲೆಗೆ ಎರಡು ಮೈಲಿ ನಡಿಗೆ. ಆಗ ಟೀಚರಿಗೆ ಇಪ್ಪತ್ಮೂರು ವರ್ಷ."

ಇದರಲ್ಲಿ 24 ಪದ ಇದೆ, ಓದಲು 16 ಸೆಕೆಂಡು ಬೇಕು. ಉಳಿದ 29 ಸೆಕೆಂಡು ಮಾತಿಲ್ಲ. ಮಾತನ್ನು ಮೊದಲ ನಾಲ್ಕು ಫೋಟೋಗಳ ಮೇಲೆ ಹರಡಿ, ಗ್ರೂಪ್ ಫೋಟೋ ಬರುವ ಮೊದಲೇ ಮುಗಿಸಿದೆವು. ಗ್ರೂಪ್ ಫೋಟೋದಲ್ಲಿ ಜನ ತಮ್ಮನ್ನು ಹುಡುಕುವಾಗ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಮೂರನೇ ಭಾಗ, 70 ಸೆಕೆಂಡು. ಹಗ್ಗ. ಮೊದಲು ಹಗ್ಗದ ಗಂಟು ಹತ್ತಿರದಿಂದ, 10 ಸೆಕೆಂಡು. ಆಮೇಲೆ ಮಳೆಗಾಲದ ಮೂರು ಫೋಟೋ, 15 ಸೆಕೆಂಡು. ಇವುಗಳ ಮೇಲೆ ಈ ಮಾತು:

"ಜೂನ್ ತಿಂಗಳಲ್ಲಿ ನಾವು ನೆನೆಯದೆ ಶಾಲೆಗೆ ಬಂದ ದಿನ ಇಲ್ಲ. ತರಗತಿಯ ಹಿಂದಿನ ಗೋಡೆಗೆ ಟೀಚರ್ ಒಂದು ಹಗ್ಗ ಕಟ್ಟಿದ್ದರು. ಮೊದಲು ಸ್ವೆಟರ್ ಹಿಂಡಿ ಹರವಬೇಕು. ಆಮೇಲೆ ಹಾಜರಿ."

ಅದರ ಹಿಂದೆಯೇ ಒಬ್ಬ ಹಳೆ ವಿದ್ಯಾರ್ಥಿಯ ಕ್ಲಿಪ್, 15 ಸೆಕೆಂಡು: "ನಂಗೆ ಸ್ವೆಟರ್ ಇರ್ಲಿಲ್ಲ ಟೀಚರ್. ನೀವು ನಿಮ್ಮ ಟವೆಲ್ ಕೊಟ್ಟು, ಇದನ್ನ ಹರವು, ನಿಂದೇ ಅಂದ್ರಿ." ಮುಂದೆ ಟೀಚರ ಕೈಬರಹದ ಹಾಜರಿ ಪುಸ್ತಕ 8 ಸೆಕೆಂಡು, ತರಗತಿಯ ನಾಲ್ಕು ಫೋಟೋ 20 ಸೆಕೆಂಡು, ಕೊನೆಗೆ 2 ಸೆಕೆಂಡು ಕಪ್ಪು. ಟವೆಲ್ ಮಾತಿನ ನಂತರ ಹಿನ್ನೆಲೆ ದನಿ ಮತ್ತೆ ಬರುವುದಿಲ್ಲ. ಅಂಥ ಮಾತಿನ ಮೇಲೆ ನಾವು ಇನ್ನೊಂದು ಮಾತು ಪೇರಿಸಬಾರದು.

ನಾಲ್ಕನೇ ಭಾಗ, 80 ಸೆಕೆಂಡು. ಐದು ಕ್ಲಿಪ್ ತಲಾ 12 ಸೆಕೆಂಡು, ನಡುನಡುವೆ ನಾಲ್ಕು ಫೋಟೋ ತಲಾ 5 ಸೆಕೆಂಡು. ಮುಖಗಳು ಒಂದರ ಹಿಂದೆ ಒಂದು ಬಂದರೆ ದಣಿವಾಗುತ್ತದೆ, ಅದಕ್ಕೆ ನಡುವೆ ಫೋಟೋ. ಮಾತಾಡಿದವರ ಬಾಲ್ಯದ ಫೋಟೋ ಸಿಕ್ಕರೆ ಅವರ ಕ್ಲಿಪ್‌ಗೆ ಮೊದಲು ಅದನ್ನು ಹಾಕಿ. ಎರಡು ಜಡೆಯ ಹುಡುಗಿ ಕಂಡು, ಮರುಕ್ಷಣ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಅವಳೇ ಮಾತಾಡಿದಾಗ ಯಾರೂ ಏನನ್ನೂ ವಿವರಿಸಬೇಕಿಲ್ಲ. ಕ್ಲಿಪ್‌ಗಳನ್ನು ಹುದ್ದೆಯ ಪ್ರಕಾರ ಜೋಡಿಸಬೇಡಿ. ಇಂಜಿನಿಯರ್ ಮೊದಲು, ಆಟೋ ಓಡಿಸುವವನು ಕೊನೆಗೆ ಅಂತ ಆಗಬಾರದು. ಓದಿದ ವರ್ಷದ ಪ್ರಕಾರ ಜೋಡಿಸಿ.

ಐದನೇ ಭಾಗ, 30 ಸೆಕೆಂಡು. ಮನೆಯವರು, ಸಹೋದ್ಯೋಗಿಗಳು, ಅಡುಗೆಯವರು. ಆರು ಫೋಟೋ, ಬರೀ ಸಂಗೀತ. ಬಿಸಿಯೂಟದ ಅಡುಗೆಯವರನ್ನು ಮರೆಯಬೇಡಿ. ವರ್ಷಗಟ್ಟಲೆ ಟೀಚರ ಜೊತೆ ದಿನವೂ ಇದ್ದವರು ಅವರು.

ಆರನೇ ಭಾಗ, 50 ಸೆಕೆಂಡು. ಈಗಿನ ಮಕ್ಕಳು. ನಾಲ್ಕನೇ ತರಗತಿಯ ಒಬ್ಬಳನ್ನು "ಟೀಚರ್ ಇಲ್ಲದಾಗ ಹಗ್ಗದಲ್ಲಿ ಬಟ್ಟೆ ಯಾರು ಹರವ್ತಾರೆ?" ಎಂದು ಕೇಳಿದ್ದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ದೊಡ್ಡವ್ರು ಚಿಕ್ಕವ್ರದ್ದು ಹರವ್ತೀವಿ" ಅಂದಳು. ಅವಳು ಯೋಚಿಸಿದ ಹೊತ್ತೂ ಸೇರಿ 20 ಸೆಕೆಂಡು ಇಟ್ಟುಕೊಂಡೆವು. ಮಕ್ಕಳಿಗೆ ಮಾತು ಬಾಯಿಪಾಠ ಮಾಡಿಸಬೇಡಿ, ಒಂದು ಪ್ರಶ್ನೆ ಕೇಳಿ ಕಾಯಿರಿ. ಆಮೇಲೆ ಟೀಚರ್ ಬೋರ್ಡ್ ಒರೆಸುವ ದೃಶ್ಯ 8 ಸೆಕೆಂಡು. ಕೊನೆಯ ಫೋಟೋ 12 ಸೆಕೆಂಡು, ಅದರ ಮೇಲೆ ಒಂದೇ ಸಾಲು: "ಹಗ್ಗ ಅಲ್ಲೇ ಇರುತ್ತೆ, ಟೀಚರ್." ಕೊನೆಯ 10 ಸೆಕೆಂಡು ಕಪ್ಪು ಪರದೆಯ ಮೇಲೆ ಟೀಚರ ಹೆಸರು, ಸೇವೆಯ ವರ್ಷಗಳು, ಮತ್ತೆ ಗಂಟೆಯ ಒಂದೇ ಪೆಟ್ಟು.

ವಿಡಿಯೋ ಮಾಡಿದವರ, ಹಣ ಕೊಟ್ಟವರ ಹೆಸರಿನ ಪಟ್ಟಿ ಕೊನೆಗೆ ಹಾಕಬೇಡಿ. ಟೀಚರ್ ಕಣ್ಣು ಒರೆಸಿಕೊಳ್ಳುವ ಹೊತ್ತಿಗೆ ಪರದೆಯ ಮೇಲೆ ನಮ್ಮ ಹೆಸರು ಓಡುವುದು ಸರಿ ಕಾಣುವುದಿಲ್ಲ. ಆ ಹೆಸರುಗಳನ್ನು ನಿರೂಪಕರು ಮೈಕಿನಲ್ಲಿ ಹೇಳಲಿ.

ಹಂತ 7: ದನಿ ಮತ್ತು ಸಂಗೀತ

ದನಿ ಯಾರದ್ದಾಗಿರಬೇಕು? ರೇಡಿಯೋ ಥರ ಓದುವವರಿಗಿಂತ ಆ ಶಾಲೆಯಲ್ಲಿ ಓದಿದವರ ದನಿಯೇ ಮೇಲು. ಮಲೆನಾಡಿನ ಎಳೆತ ಇದ್ದರೆ ಇನ್ನೂ ಒಳ್ಳೆಯದು.

ರಾತ್ರಿ ಹತ್ತರ ಮೇಲೆ, ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಚಿಕ್ಕ ಕೋಣೆಯಲ್ಲಿ ರೆಕಾರ್ಡ್ ಮಾಡಿ. ಖಾಲಿ ಕೋಣೆಯಲ್ಲಿ ದನಿ ಗುಂಯ್ ಅನ್ನುತ್ತದೆ. ಮೊಬೈಲ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರಲಿ. ಎದುರಿಗೇ ಇದ್ದರೆ "ಪ", "ಭ" ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಹೆಂಚಿನ ಮನೆ, ತಗಡಿನ ಮಾಡು ಇದ್ದು ಮಳೆ ಶುರುವಾದರೆ ಅವತ್ತು ಬಿಟ್ಟುಬಿಡಿ. ಆ ಸದ್ದನ್ನು ಆಮೇಲೆ ತೆಗೆಯಲು ಹೋದರೆ ದನಿಯೂ ಹಾಳಾಗುತ್ತದೆ.

ಸಂಗೀತ ಮಾತಿಲ್ಲದ್ದು ಇರಲಿ, ಬರೀ ಕೊಳಲು ಅಥವಾ ವೀಣೆ. ಹಾಡು ಹಾಕಿದರೆ ಹಾಡಿನ ಪದಗಳೂ ನಿಮ್ಮ ಪದಗಳೂ ಒಂದರ ಮೇಲೊಂದು ಬೀಳುತ್ತವೆ. ಸಿನಿಮಾ ಹಾಡಾದರೆ ಆಮೇಲೆ ಯೂಟ್ಯೂಬ್‌ಗೆ ಹಾಕಿದಾಗ ಹಕ್ಕಿನ ತಕರಾರು ಬಂದು ಸದ್ದೇ ನಿಂತುಹೋಗಬಹುದು. ಮಾತು ಬರುವ ಕಡೆ ಸಂಗೀತವನ್ನು ಐದನೇ ಒಂದು ಭಾಗಕ್ಕೆ ಇಳಿಸಿ. ಹೆಡ್‌ಫೋನ್‌ನಲ್ಲಿ ಸರಿ ಅನಿಸಿದ್ದು ಹಾಲ್‌ನ ದೊಡ್ಡ ಸ್ಪೀಕರಿನಲ್ಲಿ ಮಾತನ್ನು ಮುಚ್ಚಿಬಿಡುತ್ತದೆ.

ಹಂತ 8: ಜೋಡಿಸುವಾಗ ಆಗುವ ಎಡವಟ್ಟು

ಇನ್‌ಶಾಟ್, ಕೈನ್‌ಮಾಸ್ಟರ್ ಥರದ ಮೊಬೈಲ್ ಆ್ಯಪ್ ಸಾಕು. ಪರದೆಯ ಅಳತೆ 16:9 ಇಟ್ಟುಕೊಳ್ಳಿ, ಅದು ಟಿವಿಯ ಅಡ್ಡ ಆಕಾರ. ಫೋಟೋ ತಿರುಗುವುದು, ಹಾರುವುದು, ಹೃದಯದ ಆಕಾರದಲ್ಲಿ ತೆರೆಯುವುದು ಯಾವುದೂ ಬೇಡ. ಒಂದು ಮಾಸಿ ಇನ್ನೊಂದು ಮೂಡುವ ಬಗೆ ಸಾಕು, ಅದನ್ನು ಫೇಡ್ ಅನ್ನುತ್ತಾರೆ.

ಕನ್ನಡ ಅಕ್ಷರ ಹಾಕುವಾಗ ಎಚ್ಚರ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲ್ ಕೀಬೋರ್ಡಿನಲ್ಲಿ ಟೈಪ್ ಮಾಡಿ. ಆಗಲೂ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆಯುತ್ತದೆ. "ಶಿಕ್ಷಕಿ", "ವಿದ್ಯಾರ್ಥಿ" ಎರಡನ್ನೂ ಟೈಪ್ ಮಾಡಿ ನೋಡಿ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದರೆ, ಅರ್ಕಾವತ್ತು ಜಾಗ ತಪ್ಪಿದರೆ ಆ ಫಾಂಟ್ ಬಿಡಿ. ಕನ್ನಡ ಕಲಿಸಿದ ಟೀಚರ ವಿಡಿಯೋದಲ್ಲಿ ಅಕ್ಷರ ತಪ್ಪಬಾರದು, ಅಲ್ವಾ? ಯಾವುದೂ ಸರಿ ಬರದಿದ್ದರೆ ಕಪ್ಪು ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಕೈಯಲ್ಲೇ ಬರೆದು ಫೋಟೋ ತೆಗೆದು ಹಾಕಿ. ಅದು ಫಾಂಟ್‌ಗಿಂತ ಚೆನ್ನಾಗಿರುತ್ತದೆ.

ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಮುಗಿದ ವಿಡಿಯೋ ಹೊರತೆಗೆಯುವಾಗ, 1080p, MP4, H.264 ಆರಿಸಿ. H.265 ಅಥವಾ HEVC ಆದರೆ ಹಳೆಯ ಟಿವಿ, ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ದನಿ ಮಾತ್ರ ಬಂದು ಚಿತ್ರ ಬರದೆ ಹೋಗಬಹುದು.

ಹಂತ 9: ಸಮಾರಂಭದ ದಿನ

ಸಮುದಾಯ ಭವನದ ಕಿಟಕಿಗಳಿಗೆ ಪರದೆ ಇರುವುದಿಲ್ಲ. ಶಾಮಿಯಾನದ ಕೆಳಗಂತೂ ಹಗಲಲ್ಲಿ ಪ್ರೊಜೆಕ್ಟರ್ ಚಿತ್ರ ಬಿಳಿಚಿಕೊಂಡು ಏನೂ ಕಾಣುವುದಿಲ್ಲ. ದೊಡ್ಡ ಟಿವಿಯೋ ಎಲ್‌ಇಡಿ ಪರದೆಯೋ ಬಾಡಿಗೆಗೆ ತನ್ನಿ. ಕಾರ್ಯಕ್ರಮ ನಡೆಯುವ ಹೊತ್ತಿನಲ್ಲೇ, ಹಿಂದಿನ ದಿನ, ಅದೇ ಜಾಗದಲ್ಲಿ ಒಮ್ಮೆ ಹಾಕಿ ನೋಡಿ. ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ನೋಡಿ.

ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ವೈರ್ ಹಾಕಿದ ಕೂಡಲೇ ಸದ್ದು ಟಿವಿಗೆ ಹೋಗಿಬಿಡುತ್ತದೆ, ಮೈಕ್ ಸೆಟ್ಟಿನ ಸ್ಪೀಕರಿಗೆ ಬರುವುದಿಲ್ಲ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಮೈಕ್ ಸೆಟ್ಟಿಗೆ ಬೇರೆ ವೈರ್ ಬೇಕು, ಸದ್ದು ಎಲ್ಲಿಗೆ ಹೋಗಬೇಕು ಎಂದು ಸೆಟ್ಟಿಂಗ್‌ನಲ್ಲಿ ಬದಲಿಸಬೇಕು. ಮೈಕಿನವರಿಗೆ ಹಿಂದಿನ ದಿನವೇ ಹೇಳಿದರೆ ಆ ವೈರ್ ತರುತ್ತಾರೆ. ಟಿವಿ ಸ್ಪೀಕರಿನ ಮುಂದೆ ಮೈಕ್ ಹಿಡಿಯುವ ಉಪಾಯ ಬೇಡ, ಗಂಟೆಯ ಸದ್ದು ತಗಡಿನ ಸದ್ದಾಗುತ್ತದೆ. ಮೇನಲ್ಲಿ ಸಂಜೆ ಗುಡುಗು ಬಂದು ಕರೆಂಟ್ ಹೋಗುವುದು ನಮ್ಮ ಕಡೆ ಮಾಮೂಲಿ. ಜನರೇಟರ್ ಇಲ್ಲದಿದ್ದರೆ ವಿಡಿಯೋವನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ.

ಕಾರ್ಯಕ್ರಮ ಪಟ್ಟಿಯಲ್ಲಿ ವಿಡಿಯೋ ಸನ್ಮಾನಕ್ಕೆ ಮೊದಲು ಬರಲಿ. ಭಾಷಣಗಳೆಲ್ಲ ಮುಗಿದ ಮೇಲೆ ಇಟ್ಟರೆ ಅರ್ಧ ಜನ ಎದ್ದಿರುತ್ತಾರೆ. ಟೀಚರ್ ಉತ್ತರ ಹೇಳುವ ಹೊತ್ತಿಗೆ ಸರಿಯಾಗಿ ಮೊದಲು ಇಟ್ಟರೆ ಅವರಿಗೆ ಮಾತೇ ಹೊರಡುವುದಿಲ್ಲ. ನಡುವೆ ಸನ್ಮಾನ ಇದ್ದರೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ.

ಇನ್ನೊಂದು ವಿಷಯ, ಬಹಳ ಕಡೆ ತಪ್ಪುವುದು ಇದರಲ್ಲೇ. ಪರದೆ ವೇದಿಕೆಯ ಹಿಂಭಾಗದಲ್ಲಿರುತ್ತದೆ, ಟೀಚರ್ ಅದಕ್ಕೆ ಬೆನ್ನು ಹಾಕಿ ಕೂತಿರುತ್ತಾರೆ. ಐದು ನಿಮಿಷ ಕತ್ತು ಹೊರಳಿಸಿ, ಅರ್ಧಂಬರ್ಧ ನೋಡುತ್ತಾರೆ. ಯಾರಿಗಾಗಿ ಮಾಡಿದೆವೋ ಅವರಿಗೇ ಕಾಣುವುದಿಲ್ಲ. ವಿಡಿಯೋ ಶುರುವಾಗುವ ಮೊದಲು ಒಬ್ಬರು ಹೋಗಿ ಅವರನ್ನು ಕೈ ಹಿಡಿದು ಕೆಳಗೆ ಕರೆತನ್ನಿ. ಮುಂದಿನ ಸಾಲಿನ ನಡುವೆ ಒಂದು ಕುರ್ಚಿ ಖಾಲಿ ಇಟ್ಟಿರಿ, ಪಕ್ಕದ ಕುರ್ಚಿಯಲ್ಲಿ ಮನೆಯವರು ಯಾರಾದರೂ ಇರಲಿ. ಮುಗಿದ ಕೂಡಲೇ ನಿರೂಪಕರು ಮೈಕ್ ಹಿಡಿಯಬಾರದು ಎಂದು ಮೊದಲೇ ಹೇಳಿಡಿ. ಗಂಟೆಯ ಸದ್ದು ಪೂರ್ತಿ ಅಡಗುವ ತನಕ, ಟೀಚರ್ ತಾವಾಗಿ ಏಳುವ ತನಕ, ಯಾರೂ ಏನೂ ಮಾತಾಡುವುದು ಬೇಡ.